ಇಳಿಜಾರಿನಲ್ಲಿ ಮಂಡಿ ಮಡಚುವುದು ಯಾರು?

ಪ್ರಶ್ನೆ: ಸರ್, ನಾನು ಸಿಬಿಎಸ್‌ಇ 12ನೇ ತರಗತಿ, ದೈಹಿಕ ಶಿಕ್ಷಣ ತಗೊಂಡಿದ್ದೇನೆ. ಸ್ಕ್ವಾಟ್‌ನಲ್ಲಿ ಕೆಳಗೆ ಕೂರುವಾಗ ಯಾವ ಸ್ನಾಯು, ಯಾವ ಸಂಕೋಚನ ಅಂತ ಪ್ರಶ್ನೆ ಬಂದಿತ್ತು. ಮಂಡಿ ಮಡಚುತ್ತದಲ್ಲ ಅಂತ ‘ಹ್ಯಾಮ್‌ಸ್ಟ್ರಿಂಗ್, ಕಾನ್ಸೆಂಟ್ರಿಕ್’ ಎಂದು ಬರೆದೆ, ಸೊನ್ನೆ ಬಂತು. ಎಕ್ಸೆಂಟ್ರಿಕ್‌ನಲ್ಲಿ ಸ್ನಾಯು ಉದ್ದವಾಗುತ್ತದೆ ಅಂತಾರೆ. ಉದ್ದವಾಗೋ ಸ್ನಾಯು ಕೆಲಸ ಮಾಡೋದು ಹೇಗೆ? ಐಸೊಮೆಟ್ರಿಕ್ ಸೇರಿಸಿ ಮೂರನ್ನೂ ನಮ್ಮ ಆಟಗಳ ಉದಾಹರಣೆಯಲ್ಲಿ ಹೇಳ್ತೀರಾ?
– ವಿದ್ಯಾರ್ಥಿನಿ, ಹೊಸನಗರ

ಉತ್ತರ: ಪುಸ್ತಕ ಮುಚ್ಚಿಟ್ಟು ಮನೆಯ ಮೆಟ್ಟಿಲ ಹತ್ತಿರ ಹೋಗಿ. ಮೇಲಿನ ಮೆಟ್ಟಿಲ ಮೇಲೆ ಬಲಗಾಲೂರಿ, ಒಂದು ಕೈಯನ್ನು ಆ ತೊಡೆಯ ಮುಂಭಾಗಕ್ಕೆ, ಇನ್ನೊಂದನ್ನು ಹಿಂಭಾಗಕ್ಕೆ ಒತ್ತಿ ಹಿಡಿಯಿರಿ. ಬೆನ್ನು ನೆಟ್ಟಗಿರಲಿ. ಈಗ ಎಡಗಾಲನ್ನು ಕೆಳಗಿನ ಮೆಟ್ಟಿಲಿಗೆ ನಿಧಾನವಾಗಿ ಇಳಿಸಿ. ಬಲಮಂಡಿ ಮಡಚುತ್ತಾ ಹೋದಂತೆ ತೊಡೆಯ ಮುಂಭಾಗ ಕಲ್ಲಿನಂತೆ ಗಟ್ಟಿಯಾಗುತ್ತದೆ, ಹಿಂಭಾಗ ಅಷ್ಟು ಬಿಗಿಯಾಗುವುದಿಲ್ಲ. ಮುಂಭಾಗದ್ದು ಕ್ವಾಡ್ರಿಸೆಪ್ಸ್, ಅಂದರೆ ಮಂಡಿಯನ್ನು ನೀಡುವ ಸ್ನಾಯು. ಮಡಚುವ ಹೊತ್ತಿನಲ್ಲಿ ನೀಡುವ ಸ್ನಾಯು ದುಡಿಯುತ್ತಿದೆ. ನಿಮ್ಮ ಉತ್ತರ ತಪ್ಪಿದ್ದು ಇಲ್ಲೇ.

ಮಂಡಿ ಮಡಚುತ್ತಿರುವುದು ಸ್ನಾಯುವಲ್ಲ, ದೇಹದ ಭಾರ. ಗುರುತ್ವ ನಿಮ್ಮನ್ನು ಕೆಳಗೆ ಎಳೆಯುತ್ತಲೇ ಇದೆ, ಆ ಕೆಲಸಕ್ಕೆ ತೊಡೆಯ ಹಿಂಭಾಗದ, ಮಂಡಿ ಮಡಚುವ ಹ್ಯಾಮ್‌ಸ್ಟ್ರಿಂಗ್ ಬೇಕಾಗಿಲ್ಲ. ಬೇಕಾಗಿರುವುದು ಧೊಪ್ಪನೆ ಕುಸಿಯದಂತೆ ತಡೆಯುವ ಸ್ನಾಯು. ಕ್ವಾಡ್ರಿಸೆಪ್ಸ್ ಭಾರವನ್ನು ತಡೆಯುತ್ತಲೇ ಸ್ವಲ್ಪ ಸ್ವಲ್ಪವಾಗಿ ಉದ್ದ ಬಿಟ್ಟುಕೊಡುತ್ತದೆ. ಇದೇ ಎಕ್ಸೆಂಟ್ರಿಕ್. ಅದೇ ಕಾಲಿನಿಂದ ಮೇಲೆದ್ದರೆ ಅದೇ ಕ್ವಾಡ್ರಿಸೆಪ್ಸ್ ಮೊಟಕಾಗುತ್ತಾ ಎತ್ತುತ್ತದೆ, ಅದು ಕಾನ್ಸೆಂಟ್ರಿಕ್. ಅರ್ಧಕ್ಕೆ ನಿಂತು ಅಲುಗಾಡದೆ ಹಿಡಿದರೆ ಐಸೊಮೆಟ್ರಿಕ್: ಬಿಗಿತ ಇದೆ, ಮಂಡಿಯ ಕೋನ ಬದಲಾಗಿಲ್ಲ. ಮೂರರಲ್ಲೂ ಸ್ನಾಯು ಒಂದೇ ಎಂಬುದನ್ನು ಗಮನಿಸಿ. ಕೆಳಗೆ ಹೋಗುವಾಗ ಒಂದು ಸ್ನಾಯು, ಮೇಲೆ ಬರುವಾಗ ಅದರ ಎದುರಿನದು ಎಂದು ಬರೆಯುವವರೇ ಹೆಚ್ಚು.

ಹಾಗಂತ ‘ಮಂಡಿ ಮಡಚಿದರೆ ಕ್ವಾಡ್ರಿಸೆಪ್ಸ್’ ಎಂದು ಬಾಯಿಪಾಠ ಮಾಡಿಕೊಂಡರೆ ಮತ್ತೆ ಎಡವುತ್ತೀರಿ. ಚಾಪೆಯ ಮೇಲೆ ಬೋರಲು ಮಲಗಿ ಹಿಮ್ಮಡಿಯನ್ನು ಮೇಲಕ್ಕೆತ್ತಿ. ಈಗಲೂ ಮಂಡಿ ಮಡಚುತ್ತಿದೆ, ಆದರೆ ಕಾಲು ಭಾರಕ್ಕೆ ಎದುರಾಗಿ ಮೇಲೇಳುತ್ತಿದೆ. ಆದ್ದರಿಂದ ಇಲ್ಲಿ ಹ್ಯಾಮ್‌ಸ್ಟ್ರಿಂಗ್, ಕಾನ್ಸೆಂಟ್ರಿಕ್. ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಸ್ನಾಯುಗಳೆಲ್ಲ ಸುಮ್ಮನಾದರೆ ಈ ಕೀಲು ಎತ್ತ ಹೋಗುತ್ತದೆ? ಅತ್ತ ಹೋಗದಂತೆ ತಡೆಯುವ ಸ್ನಾಯುವೇ ಮುಖ್ಯ. ಚಲನೆ ನಿಧಾನವಾಗಿ ಅತ್ತಲೇ ಸಾಗುತ್ತಿದ್ದರೆ ಆ ಸ್ನಾಯು ಎಕ್ಸೆಂಟ್ರಿಕ್, ಇತ್ತ ಬರುತ್ತಿದ್ದರೆ ಕಾನ್ಸೆಂಟ್ರಿಕ್. ‘ನಿಧಾನವಾಗಿ’ ಎಂಬ ಮಾತನ್ನು ಬಿಡಬೇಡಿ. ಗುರುತ್ವ ಎಳೆಯುವುದಕ್ಕಿಂತ ವೇಗವಾಗಿ ಕೈಕಾಲನ್ನು ಕೆಳಗೆ ಬೀಸಿದರೆ, ಬೀಸುವ ಸ್ನಾಯುವೇ ಕಾನ್ಸೆಂಟ್ರಿಕ್ ಆಗಿ ದುಡಿಯಬೇಕಾಗುತ್ತದೆ. ವಾಲಿಬಾಲ್ ಸ್ಮ್ಯಾಶ್ ಅಂಥದ್ದು.

ಇನ್ನು, ಉದ್ದವಾಗುವ ಸ್ನಾಯು ಕೆಲಸ ಮಾಡುವುದು ಹೇಗೆ ಎಂಬ ಮಾತು. ಸ್ನಾಯುತಂತುವಿನೊಳಗೆ ಆಕ್ಟಿನ್ ಎಂಬ ತೆಳು ಎಳೆ, ಮಯೊಸಿನ್ ಎಂಬ ದಪ್ಪ ಎಳೆ ಇರುತ್ತವೆ. ಮಯೊಸಿನ್ನಿನ ತಲೆಗಳು ಆಕ್ಟಿನ್ನನ್ನು ಕಚ್ಚಿ ಎಳೆಯುತ್ತವೆ, ಬಿಡುತ್ತವೆ, ಮತ್ತೆ ಕಚ್ಚುತ್ತವೆ. ಎಳೆಯುವುದಷ್ಟೇ ಅವುಗಳ ಕೆಲಸ, ತಳ್ಳಲು ಬರುವುದಿಲ್ಲ. ಹೊರಗಿನ ಭಾರ ಆ ಎಳೆತಕ್ಕಿಂತ ಕಡಿಮೆಯಿದ್ದರೆ ಎಳೆಗಳು ಒಂದರೊಳಗೊಂದು ಸರಿದು ಸ್ನಾಯು ಮೊಟಕಾಗುತ್ತದೆ, ಸಮನಾಗಿದ್ದರೆ ಇದ್ದಲ್ಲೇ ಇರುತ್ತದೆ. ಭಾರವೇ ಹೆಚ್ಚಾದರೆ ತಲೆಗಳು ಕಚ್ಚಿ ಹಿಡಿದಿದ್ದರೂ ಎಳೆಗಳು ಹಿಂದಕ್ಕೆ ಜಾರುತ್ತವೆ. ತುಂಬಿದ ಕೊಡವನ್ನು ಹಗ್ಗ ಕಟ್ಟಿ ಬಾವಿಗೆ ಇಳಿಸುವಾಗ ಒಂದು ಕೈ ಬಿಟ್ಟು ಇನ್ನೊಂದು ಕೈಯಲ್ಲಿ ಹಿಡಿಯುತ್ತಾ ಹೋಗುತ್ತೇವಲ್ಲ, ಹಾಗೆ. ಕೊಡ ಕೆಳಗೆ ಹೋಗುತ್ತಿದ್ದರೂ ಕೈಗಳು ಎಳೆಯುವುದನ್ನು ನಿಲ್ಲಿಸಿಲ್ಲ.

ಹೀಗೆ ಜಾರುತ್ತಾ ತಡೆಯುವ ಸ್ನಾಯು ಮೊಟಕಾಗುವ ಸ್ನಾಯುವಿಗಿಂತ ಹೆಚ್ಚು ಬಲ ತಾಳುತ್ತದೆ, ಅದೂ ಕಡಿಮೆ ಖರ್ಚಿನಲ್ಲಿ. 1952ರಲ್ಲಿ ಅಬಟ್, ಬಿಗ್‌ಲ್ಯಾಂಡ್ ಮತ್ತು ರಿಚಿ ಎಂಬ ವಿಜ್ಞಾನಿಗಳು ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನಾಗಿ ನಿಲ್ಲಿಸಿ ಚೈನಿನಿಂದ ಜೋಡಿಸಿದರು. ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ಹಿಂದಕ್ಕೆ ತಿರುಗುವ ಪೆಡಲನ್ನು ತಡೆಯಬೇಕು. ಇಬ್ಬರ ಬಲ ಒಂದೇ, ವೇಗ ಒಂದೇ. ಆದರೂ ತಡೆಯುವವರಿಗೆ ಬೇಕಾದ ಆಮ್ಲಜನಕ ತುಂಬಾ ಕಡಿಮೆ.

ಕೊಡಚಾದ್ರಿಗೆ ಹೋಗಿ ಬಂದವರಿಗೆ ಇದು ಗೊತ್ತಿರುವ ಸಂಗತಿಯೇ. ಹತ್ತುವಾಗ ಏದುಸಿರು. ಇಳಿಯುವಾಗ ಮಾತಾಡುತ್ತಾ ಬರಬಹುದು. ಆದರೆ ಮರುದಿನ ತೊಡೆಯ ಮುಂಭಾಗ ಹಿಡಿದುಕೊಳ್ಳುವುದು ಇಳಿದದ್ದರಿಂದಲೇ ಹೆಚ್ಚು. ಅದೇ ಭಾರವನ್ನು ಕಡಿಮೆ ತಂತುಗಳು ಹೊರುವುದರಿಂದ ಒಂದೊಂದು ತಂತುವಿನ ಮೇಲೂ ಒತ್ತಡ ಹೆಚ್ಚು, ಜೊತೆಗೆ ಎಳೆದು ಹಿಗ್ಗುವುದು ಬೇರೆ. ಇದರಿಂದ ಆಗುವ ಸೂಕ್ಷ್ಮ ಹಾನಿಯ ನೋವು ಒಂದರಿಂದ ಮೂರು ದಿನದೊಳಗೆ ಏರಿ ನಂತರ ಇಳಿಯುತ್ತದೆ. ಇದಕ್ಕೆ ‘ಲ್ಯಾಕ್ಟಿಕ್ ಆಮ್ಲ ಕಾರಣ’ ಎಂದು ಬರೆಯಬೇಡಿ. ಶ್ರಮ ನಿಂತ ಒಂದೆರಡು ಗಂಟೆಯೊಳಗೆ ಅದು ರಕ್ತದಿಂದ ಖಾಲಿಯಾಗಿರುತ್ತದೆ, ಮರುದಿನದ ನೋವಿಗೂ ಅದಕ್ಕೂ ಸಂಬಂಧವಿಲ್ಲ.

ಆಟದ ಉದಾಹರಣೆಗೆ ಕಬಡ್ಡಿ ಸಾಕು. ರೈಡರ್‌ನ ಪಾದ ಹಿಡಿದ ಡಿಫೆಂಡರ್‌ನ ಮೊಣಕೈ ನೋಡಿ. ಇಬ್ಬರೂ ಜಗ್ಗುತ್ತಿದ್ದಾರೆ, ಯಾರೂ ಅಲುಗುತ್ತಿಲ್ಲ. ಡಿಫೆಂಡರ್‌ನ ಬೈಸೆಪ್ಸ್ ಐಸೊಮೆಟ್ರಿಕ್. ಆತ ಮೊಣಕೈ ಮಡಚಿ ರೈಡರ್‌ನನ್ನು ತನ್ನತ್ತ ಎಳೆದುಕೊಂಡರೆ ಕಾನ್ಸೆಂಟ್ರಿಕ್. ರೈಡರ್ ಮಧ್ಯರೇಖೆಯತ್ತ ಚಿಮ್ಮಿದಾಗ ಹಿಡಿತ ಬಿಡದಿದ್ದರೂ ಮೊಣಕೈ ಬಿಚ್ಚಿಕೊಳ್ಳುತ್ತಾ ಹೋದರೆ ಬೈಸೆಪ್ಸ್ ಎಕ್ಸೆಂಟ್ರಿಕ್. ಇಲ್ಲಿ ಗುರುತ್ವದ ಜಾಗದಲ್ಲಿ ರೈಡರ್‌ನ ಎಳೆತ ಬಂದಿದೆ, ಕೇಳಬೇಕಾದ ಪ್ರಶ್ನೆ ಮಾತ್ರ ಅದೇ. ಇದೇ ಹೊತ್ತಿನಲ್ಲಿ ಬೆರಳುಗಳನ್ನು ಬಿಗಿಯುವ ಮುಂಗೈ ಸ್ನಾಯು ಉದ್ದಕ್ಕೂ ಐಸೊಮೆಟ್ರಿಕ್ ಆಗಿಯೇ ಇರಬಹುದು. ಹಾಗಾಗಿ ‘ಕಬಡ್ಡಿ ಐಸೊಮೆಟ್ರಿಕ್ ಆಟ’ ಎಂದು ಇಡೀ ಆಟಕ್ಕೆ ಹೆಸರು ಹಚ್ಚಬೇಡಿ; ಯಾವ ಸ್ನಾಯು, ಯಾವ ಕ್ಷಣ ಎಂದು ಹೇಳಲೇಬೇಕು.

ನಿಮಗೆ ಬಂದಿದ್ದ ಪ್ರಶ್ನೆಗೆ ನಾನಾದರೆ ಹೀಗೆ ಬರೆಯುತ್ತಿದ್ದೆ: ‘ಸ್ಕ್ವಾಟ್‌ನಲ್ಲಿ ನಿಧಾನವಾಗಿ ಕೆಳಗಿಳಿಯುವಾಗ ದೇಹದ ಭಾರದಿಂದ ಮಂಡಿ ಮಡಚುತ್ತದೆ. ಮಂಡಿಯನ್ನು ನೀಡುವ ಕ್ವಾಡ್ರಿಸೆಪ್ಸ್ ಬಿಗಿತ ಉಳಿಸಿಕೊಂಡು ಉದ್ದವಾಗುತ್ತಾ ಇಳಿತವನ್ನು ನಿಯಂತ್ರಿಸುತ್ತದೆ. ಆದ್ದರಿಂದ ಇದು ಕ್ವಾಡ್ರಿಸೆಪ್ಸ್‌ನ ಎಕ್ಸೆಂಟ್ರಿಕ್ ಸಂಕೋಚನ.’ ಹೆಚ್ಚು ಅಂಕದ ಪ್ರಶ್ನೆಯಾದರೆ ಪೃಷ್ಠದ ಗ್ಲೂಟಿಯಸ್ ಮ್ಯಾಕ್ಸಿಮಸ್ ಕೂಡ ಸೊಂಟದ ಕೀಲಿನಲ್ಲಿ ಇದನ್ನೇ ಮಾಡುತ್ತದೆ ಎಂದು ಸೇರಿಸಿ.

ಪಠ್ಯಪುಸ್ತಕಗಳಲ್ಲಿ ಕಾನ್ಸೆಂಟ್ರಿಕ್, ಎಕ್ಸೆಂಟ್ರಿಕ್ ಎರಡನ್ನೂ ಐಸೊಟಾನಿಕ್ ಎಂಬ ತಲೆಬರಹದಡಿ ಹಾಕುತ್ತಾರೆ, ಐಸೊಮೆಟ್ರಿಕ್ ಬೇರೆ ನಿಲ್ಲುತ್ತದೆ. ಐಸೊಟಾನಿಕ್ ಅಂದರೆ ಬಿಗಿತ ಉದ್ದಕ್ಕೂ ಒಂದೇ ಸಮ ಎಂದು ಲೆಕ್ಕ. ನಿಜದಲ್ಲಿ ಮಂಡಿಯ ಕೋನ ಬದಲಾದಂತೆ ಅದೂ ಬದಲಾಗುತ್ತದೆ. ಪರೀಕ್ಷೆಯಲ್ಲಿ ಪುಸ್ತಕದ ವಿಂಗಡಣೆಯನ್ನೇ ಬರೆಯಿರಿ, ಅಂಕ ಇರುವುದು ಅದಕ್ಕೆ.