ಸಪೋರ್ಟಿನವರ ಹೆಸರು ಪಟ್ಟಿಯಲ್ಲಿರಲಿಲ್ಲ

ಸಣ್ಣ ಸಾಫ್ಟ್‌ವೇರ್ ಸೇವಾ ಕಂಪನಿಗಳ ಮಾಲೀಕರು ಸಲಹೆಗೆ ಬಂದಾಗ, ನಿಮ್ಮ ಬಲ ಯಾವುದು ಎಂದು ಕೇಳುತ್ತೇನೆ. ಬರೆದುಕೊಂಡು ಬರುವ ಪಟ್ಟಿ ಹೆಚ್ಚೂಕಡಿಮೆ ಒಂದೇ. ನುರಿತ ಪ್ರೋಗ್ರಾಮರುಗಳು, ಕಡಿಮೆ ದರ, ಗುಣಮಟ್ಟದ ಪ್ರಮಾಣಪತ್ರ, ಗ್ರಾಹಕರೊಂದಿಗೆ ಒಳ್ಳೆಯ ಸಂಬಂಧ. ಇಂಥ ಪಟ್ಟಿ ಹಿಡಿದು ಬಂದವರಲ್ಲಿ ಒಬ್ಬರ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರಿಗೆ ಕೊಟ್ಟ ಸಲಹೆಯಲ್ಲಿ ಒಂದು ಭಾಗ ಸರಿ ಬಂತು, ಒಂದು ಭಾಗ ತಪ್ಪಿತು ಎಂಬುದೂ ಬರೆಯಲು ಕಾರಣ. ಊರನ್ನೂ ಅಂಕಿಗಳನ್ನೂ ಬದಲಿಸಿದ್ದೇನೆ. ಕಬ್ಬನ್ನು ಮಾತ್ರ ಬದಲಿಸಲು ಆಗಲಿಲ್ಲ.

ಉತ್ತರ ಕರ್ನಾಟಕದ ಒಂದು ಪಟ್ಟಣದಲ್ಲಿ 26 ಜನರ ಕಂಪನಿ. ಎಂಟು ಸಕ್ಕರೆ ಕಾರ್ಖಾನೆಗಳಿಗೆ ಕಬ್ಬಿನ ನೋಂದಣಿ, ಕಟಾವು ಆದೇಶ, ತೂಕದ ಚೀಟಿ, ರೈತರ ಬಿಲ್ಲು ಇವುಗಳ ಸಾಫ್ಟ್‌ವೇರ್ ಮಾಡಿಕೊಟ್ಟು ನೋಡಿಕೊಳ್ಳುತ್ತದೆ. ಮಾಲೀಕರಿಗೆ ನಲವತ್ತರ ಮೇಲೆ ವಯಸ್ಸು. ಬೆಂಗಳೂರಿನಲ್ಲೊಂದು ಕಚೇರಿ ತೆರೆದು, ದೊಡ್ಡ ಪ್ರಮಾಣಪತ್ರವೊಂದನ್ನು ಪಡೆದು, ಬೇರೆ ಉದ್ಯಮಗಳ ಕೆಲಸಕ್ಕೂ ಕೈಹಾಕಲು 40 ಲಕ್ಷ ಸಾಲ ಮಾಡಬೇಕೇ ಎಂಬುದು ಅವರ ಪ್ರಶ್ನೆ. ಬ್ಯಾಂಕು ಒಪ್ಪಿಯಾಗಿತ್ತು. ನನ್ನಿಂದ ಬೇಕಿದ್ದದ್ದು ಸಮಾಧಾನದ ಒಂದು ಮಾತು ಎಂದು ನನಗೆ ಅನಿಸಿತ್ತು.

ನಾನು ಬಳಸುವುದು ವಿಆರ್‌ಐಒ ಪರೀಕ್ಷೆ. ಕಂಪನಿಯ ಲಾಭದ ಕಾರಣವನ್ನು ಹೊರಗಿನ ಮಾರುಕಟ್ಟೆಗಿಂತ ಒಳಗಿನ ಸಂಪನ್ಮೂಲಗಳಲ್ಲಿ ಹುಡುಕಬೇಕು ಎಂಬ ವಾದವನ್ನು 1991ರಲ್ಲಿ ಅಮೆರಿಕದ ಪ್ರಾಧ್ಯಾಪಕ ಜೇ ಬಾರ್ನಿ ಗಟ್ಟಿಯಾಗಿ ಮುಂದಿಟ್ಟರು. ಆ ವಾದದಿಂದ ಬಂದ ಈ ಪರೀಕ್ಷೆಯಲ್ಲಿ ಪ್ರತಿಯೊಂದು ಸಾಮರ್ಥ್ಯಕ್ಕೂ ನಾಲ್ಕು ಪ್ರಶ್ನೆಗಳು; ಬೆಲೆ, ಅಪರೂಪ, ನಕಲು, ಸಂಘಟನೆ ಎಂಬುದರ ಇಂಗ್ಲಿಷ್ ಮೊದಲಕ್ಷರಗಳೇ ವಿಆರ್‌ಐಒ. ಇದರಿಂದ ಗ್ರಾಹಕರಿಗೆ ಬೆಲೆಯುಳ್ಳದ್ದೇನಾದರೂ ಸಿಗುತ್ತದೆಯೇ? ಇದು ಪೈಪೋಟಿಯವರಲ್ಲಿ ಅಪರೂಪವೇ? ಇದನ್ನು ನಕಲು ಮಾಡುವುದು ಕಷ್ಟವೇ, ದುಬಾರಿಯೇ? ಇದರಿಂದ ಬರುವ ಲಾಭವನ್ನು ಹಿಡಿದಿಟ್ಟುಕೊಳ್ಳಲು ಕಂಪನಿ ಸಜ್ಜಾಗಿದೆಯೇ? ಈ ಕೊನೆಯ, ಸಂಘಟನೆಯ ಪ್ರಶ್ನೆ ಮೊದಲ ರೂಪದಲ್ಲಿ ಇರಲಿಲ್ಲ; ಬಾರ್ನಿ ಅದನ್ನು ಸೇರಿಸಿದ್ದು ಕೆಲವು ವರ್ಷಗಳ ನಂತರ. ನನ್ನ ಬಳಿ ಬರುವ ಸಣ್ಣ ಕಂಪನಿಗಳು ಎಡವುವುದು ಬಹುಪಾಲು ಅಲ್ಲಿಯೇ.

ಮೊದಲ ಎರಡು ಭೇಟಿಗಳಲ್ಲಿ ಪಟ್ಟಿ ಒಂದೊಂದಾಗಿ ಕರಗಿತು. ಪ್ರೋಗ್ರಾಮರುಗಳು ಬೇಕೇ ಬೇಕು, ಆದರೆ ಅಂಥವರು ಹುಬ್ಬಳ್ಳಿಯಲ್ಲೂ ಸಿಗುತ್ತಾರೆ, ಕೊಲ್ಹಾಪುರದಲ್ಲೂ ಸಿಗುತ್ತಾರೆ. ಕಡಿಮೆ ದರವನ್ನು ಪೈಪೋಟಿಯವನು ಮುಂದಿನ ಸೋಮವಾರವೇ ಕೊಡಬಲ್ಲ. ಪ್ರಮಾಣಪತ್ರಕ್ಕೂ ಬೆಲೆಯಿದೆ, ಆದರೆ ದುಡ್ಡು ಕೊಟ್ಟವರಿಗೆಲ್ಲ ಸಿಗುತ್ತದೆ. 'ಒಳ್ಳೆಯ ಸಂಬಂಧ' ಎಂಬ ಮಾತಿಗೆ ನಾನು ಅಂಕವನ್ನೇ ಕೊಡುವುದಿಲ್ಲ. ಯಾರೊಂದಿಗೆ ಯಾರ ಸಂಬಂಧ, ಅದರಿಂದ ಏನು ನಡೆಯಿತು ಎಂದು ಹೇಳದಿದ್ದರೆ ಅದು ಮದುವೆಯ ಕರೆಯೋಲೆಯಲ್ಲಿ ಬರೆಯುವ ಮಾತು.

ಮಾಲೀಕರಿಗೆ ಸಿಟ್ಟು ಬಂತು. "ಹಾಗಾದರೆ ಎಂಟು ಕಾರ್ಖಾನೆಯವರು ಹನ್ನೊಂದು ಹಂಗಾಮಿನಿಂದ ನಮ್ಮನ್ನು ಯಾಕೆ ಇಟ್ಟುಕೊಂಡಿದ್ದಾರೆ, ಸರ್?" ಎಂದರು. ಅದನ್ನು ನನ್ನನ್ನಲ್ಲ, ಅವರನ್ನೇ ಕೇಳಿ ಎಂದೆ. ಕಳೆದ ವರ್ಷ ಬೇರೆ ಕಂಪನಿ ಕಡಿಮೆ ದರ ಹೇಳಿದರೂ ಇವರನ್ನೇ ಉಳಿಸಿಕೊಂಡ ಮೂರು ಕಾರ್ಖಾನೆಗಳಿದ್ದವು. ಅಲ್ಲಿನ ಕಬ್ಬು ಲೆಕ್ಕ ವಿಭಾಗದ ಮುಖ್ಯಸ್ಥರಿಗೆ ಕೇಳಬೇಕಾದದ್ದು ಒಂದೇ ಪ್ರಶ್ನೆ: ಯಾಕೆ ಉಳಿದಿರಿ?

ಮೂರನೆಯ ಭೇಟಿಗೆ ಅವರು ಬಂದಾಗ ಮುಖ ಸ್ವಲ್ಪ ಸಪ್ಪಗಿತ್ತು. ಮೂವರೂ ಸಾಫ್ಟ್‌ವೇರಿನ ಬಗ್ಗೆ ಮಾತೇ ಆಡಿರಲಿಲ್ಲ. ಹಂಗಾಮಿನ ಮೊದಲ ಬಿಲ್ಲು ತಡವಾಗುವುದಿಲ್ಲ ಎಂದಿದ್ದರು. ಕಬ್ಬು ಪೂರೈಸಿದ 14 ದಿನಗಳೊಳಗೆ ರೈತರಿಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು ಎಂಬುದು 1966ರ ಕಬ್ಬು ನಿಯಂತ್ರಣ ಆದೇಶದ ನಿಯಮ. ಹಾಗಾಗಿ ಮೊದಲ ಬಿಲ್ಲು ಎಂದರೆ ಕಾರ್ಖಾನೆಗೆ ಎದೆ ಹೊಡೆದುಕೊಳ್ಳುವ ಹೊತ್ತು. ಒಬ್ಬರು ಘಟನೆಯೊಂದನ್ನೂ ಹೇಳಿದ್ದರು.

ಕಬ್ಬು ನೋಂದಣಿಯಾದದ್ದು ತಂದೆಯ ಹೆಸರಿನಲ್ಲಿ. ಕಟಾವು ಅರ್ಧ ಮುಗಿದಾಗ ತಂದೆ ತೀರಿಕೊಂಡರು. ಮೂವರು ಮಕ್ಕಳು, ಅವರಲ್ಲಿ ಒಬ್ಬನದು ಮಾತ್ರ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಸಾಲ. ಸಂಘದ ಪಟ್ಟಿ ಬಂದಾಗ ಯಾವ ಸಾಫ್ಟ್‌ವೇರ್ ಆದರೂ ಒಂದು ನೋಂದಣಿ, ಒಂದು ಖಾತೆ ಎಂದು ತಿಳಿದು ಇಡೀ ಬಿಲ್ಲಿನಿಂದ ಇಡೀ ಸಾಲವನ್ನು ಮುರಿದುಕೊಳ್ಳುತ್ತದೆ. ಉಳಿದ ಇಬ್ಬರು ಅಣ್ಣತಮ್ಮಂದಿರು ಕಾರ್ಖಾನೆಯ ಗೇಟಿಗೆ ಬರುತ್ತಾರೆ. ಅಲ್ಲಿ ಹಾಗೆ ಆಗಲಿಲ್ಲ. ಈ ಕಂಪನಿಯ ಸಪೋರ್ಟ್ ವಿಭಾಗದ ಹಿರಿಯರೊಬ್ಬರು ಬಿಲ್ಲು ಓಡಿಸುವ ಹಿಂದಿನ ದಿನವೇ ಫೋನು ಮಾಡಿದ್ದರು. ಪಹಣಿಯಲ್ಲಿ ಹಿಸ್ಸೆ ಬೇರೆಯಾಗುವವರೆಗೆ ಹಳೆಯ ಚೀಟಿಗಳನ್ನು ತಂದೆಯ ಹೆಸರಿನಲ್ಲೇ ಬಿಡಿ, ಇನ್ನು ಬರುವ ಚೀಟಿಗಳನ್ನು ಮೂರು ನೋಂದಣಿಗೆ ಒಡೆಯಿರಿ, ಸಾಲದ ಕಡಿತವನ್ನು ಸಂಘದ ಕಾರ್ಯದರ್ಶಿಯ ಪತ್ರ ಬರುವವರೆಗೆ ತಡೆಯಿರಿ ಎಂದು ಹೇಳಿದ್ದರು. ಅದು ಹೇಗೆ ಗೊತ್ತಾಯಿತು? ಮೂರನೆಯ ಹಂಗಾಮಿನಲ್ಲಿ ಬೇರೆ ಕಾರ್ಖಾನೆಯಲ್ಲಿ ಇದೇ ಗಲಾಟೆ ಆಗಿತ್ತಂತೆ. ಅವರು ಅದನ್ನು ತಮ್ಮ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ತಾರೀಕು ಸಮೇತ ಬರೆದಿಟ್ಟಿದ್ದರು.

"ಆ ಹಿರಿಯರು ನಿಮ್ಮ ಪಟ್ಟಿಯಲ್ಲಿ ಎಲ್ಲಿದ್ದಾರೆ?" ಎಂದು ಕೇಳಿದೆ.

"ಅವರು ಸಪೋರ್ಟಿನವರು ಸರ್. ಸಾಮರ್ಥ್ಯದ ಪಟ್ಟಿಗೆ ಅವರು ಯಾಕೆ?"

ಈ ಪ್ರಕರಣದ ತಿರುವು ಇದೇ ಮಾತು. ಅವರಿಗೆ ಸಂಬಳ ಎಷ್ಟು ಎಂದು ಕೇಳಿದೆ. ನಾಲ್ಕು ವರ್ಷ ಅನುಭವದ ಪ್ರೋಗ್ರಾಮರಿಗಿಂತ ಕಡಿಮೆ. ಈ ಕೆಲಸಕ್ಕೆ ಕಾರ್ಖಾನೆಯಿಂದ ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ. ಏನೂ ಇಲ್ಲ, ಅದು ವಾರ್ಷಿಕ ನಿರ್ವಹಣಾ ಶುಲ್ಕದಲ್ಲಿ ಸೇರಿದೆ ಎಂದರು. ಹೊಸ ಕೆಲಸಕ್ಕೆ? ಪ್ರೋಗ್ರಾಮರಿನ ಗಂಟೆಯ ಲೆಕ್ಕ. ಅಂದರೆ ಎಲ್ಲರಲ್ಲೂ ಇರುವುದನ್ನು ಗಂಟೆಗಿಷ್ಟು ಎಂದು ಮಾರಿ, ಯಾರಲ್ಲೂ ಇಲ್ಲದ್ದನ್ನು ಕೊಸರಿಗೆ ಕೊಡುತ್ತಿದ್ದರು.

'ಯಾರಲ್ಲೂ ಇಲ್ಲ' ಎಂಬುದನ್ನೂ ನಾನು ಸುಮ್ಮನೆ ಒಪ್ಪಲಿಲ್ಲ. ಅಪರೂಪವೇ ಎಂಬ ಪ್ರಶ್ನೆಗೆ ಉತ್ತರ ಕೊಡುವಾಗ ಎದುರಾಳಿಗಳ ಹೆಸರು ಹಿಡಿದು ಹೋಲಿಸಬೇಕು. ಗಡಿಯಾಚೆ ಕೊಲ್ಹಾಪುರದ ಕಡೆಯ ಕಂಪನಿಯೊಂದು ಇವರೊಂದಿಗೆ ಟೆಂಡರು ಹಾಕುತ್ತಿತ್ತು. ಅವರು ಕಂಡ ಹಂಗಾಮುಗಳು ಇವರಿಗಿಂತ ಹೆಚ್ಚು. ತೂಕದ ಮನೆಯಲ್ಲಿ ರಾತ್ರಿ ನೆಟ್‌ವರ್ಕ್ ಹೋಗಿ ಒಂದೇ ಟ್ರ್ಯಾಕ್ಟರಿಗೆ ಎರಡು ಚೀಟಿ ಬರುವುದು, ಕಟಾವು ತಂಡದ ಮುಂಗಡ ಮುರಿಯುವುದು ಅವರಿಗೂ ಗೊತ್ತು. ಒಂದು ಗಂಟೆ ಕೂತು ತೆಗೆದ ಮೇಲೆ ಉಳಿದದ್ದು ಚಿಕ್ಕದು: ನಮ್ಮ ಪಹಣಿ, ಹಿಸ್ಸೆ, ನಮ್ಮ ಸಹಕಾರ ಸಂಘಗಳ ಸಾಲ ವಸೂಲಿ ಬಿಲ್ಲಿನಲ್ಲಿ ಎಲ್ಲೆಲ್ಲಿ ತೊಡಕಾಗುತ್ತದೆ ಎಂಬ ಅರಿವು. ಚಿಕ್ಕದಾದರೂ ಅದು ನಿಜವಾಗಿ ಅಪರೂಪ.

ನಕಲಿನ ವಿಷಯದಲ್ಲಿ ಕಬ್ಬು ನಮ್ಮ ಪರವಾಗಿದೆ. ಹಂಗಾಮು ವರ್ಷಕ್ಕೆ ಒಂದೇ. ಎದುರಾಳಿ ಎಷ್ಟೇ ದುಡ್ಡು ಸುರಿದರೂ ಒಂದು ವರ್ಷದಲ್ಲಿ ಎರಡು ಹಂಗಾಮು ಕಲಿಯಲಾಗದು. ಆದರೆ ಕಲಿಯದೆಯೂ ಪಡೆಯುವ ದಾರಿಯೊಂದಿದೆ: ಆ ಹಿರಿಯರನ್ನೇ ಕರೆದುಕೊಂಡು ಹೋಗುವುದು. ಅವರಿಗೆ ಈಗ 54. ಮಗಳ ಮದುವೆ ಎದುರಿಗಿದೆ. ಇಪ್ಪತ್ತು ಸಾವಿರ ಹೆಚ್ಚು ಕೊಟ್ಟರೆ ಸಾಕು, ಹನ್ನೊಂದು ಹಂಗಾಮುಗಳು ಆ ಪುಸ್ತಕದೊಂದಿಗೆ ಬಸ್ಸು ಹತ್ತುತ್ತವೆ. ಒಬ್ಬರ ತಲೆಯಲ್ಲಿ ಇರುವುದನ್ನು ಕಂಪನಿಯ ಸಾಮರ್ಥ್ಯ ಎಂದು ಕರೆಯುವಂತಿಲ್ಲ. ಅದು ಅವರ ಸಾಮರ್ಥ್ಯ, ಕಂಪನಿ ಬಾಡಿಗೆಗೆ ಪಡೆದಿದೆ, ಅದೂ ತೀರಾ ಅಗ್ಗವಾಗಿ.

"ಹಾಗಾದರೆ ಎಲ್ಲವನ್ನೂ ಬರೆಸಿಬಿಡುತ್ತೇನೆ" ಎಂದರು ಮಾಲೀಕರು. ಎಲ್ಲರಿಗೂ ಮೊದಲು ಹೊಳೆಯುವುದು ಇದು. ನಾನು ತಡೆದೆ. ಚೊಕ್ಕವಾಗಿ ಬರೆದ ಕೈಪಿಡಿಯನ್ನು ಒಂದು ಪೆನ್‌ಡ್ರೈವಿನಲ್ಲಿ ಒಯ್ಯಬಹುದು. ಹಿರಿಯರ ಮೇಲಿನ ಅವಲಂಬನೆ ತಪ್ಪಿಸಲು ಹೋಗಿ ನಕಲನ್ನು ಸುಲಭ ಮಾಡಿದಂತಾಗುತ್ತದೆ. ಬದಲಿಗೆ ಎರಡು ಕೆಲಸ ಹೇಳಿದೆ. ಕಾರ್ಖಾನೆ ನಿಂತಿರುವ ತಿಂಗಳುಗಳಲ್ಲಿ ಪುಸ್ತಕದ ಒಂದೊಂದು ಘಟನೆಯನ್ನೂ ಪರೀಕ್ಷಾ ಬಿಲ್ಲಾಗಿ ಮಾಡಬೇಕು: ಇಷ್ಟು ಚೀಟಿ, ಇಷ್ಟು ಕಡಿತ, ಬರಬೇಕಾದ ಉತ್ತರ ಇದು. ಸಾಫ್ಟ್‌ವೇರಿನ ಪ್ರತಿ ಹೊಸ ಆವೃತ್ತಿಯೂ ಆ ಬಿಲ್ಲುಗಳನ್ನೆಲ್ಲ ದಾಟಿಯೇ ಕಾರ್ಖಾನೆಗೆ ಹೋಗಬೇಕು. ಆಗ ಅರಿವಿನ ಒಂದು ಪಾಲು ಕಂಪನಿಯ ದಿನನಿತ್ಯದ ಕೆಲಸದೊಳಗೆ ಸೇರುತ್ತದೆ, ಅದನ್ನು ಕಿತ್ತು ಒಯ್ಯುವುದು ಕಷ್ಟ. ಇನ್ನೊಂದು ಪಾಲು, ಅಂದರೆ ಯಾವ ಸಂಘದ ಕಾರ್ಯದರ್ಶಿಗೆ ಯಾವಾಗ ಫೋನು ಮಾಡಬೇಕು ಎಂಬುದು, ಬರವಣಿಗೆಗೆ ಸಿಗುವುದಿಲ್ಲ. ಅದಕ್ಕೆ ಇಬ್ಬರು ಕಿರಿಯರು ಇಡೀ ಹಂಗಾಮು ಹಿರಿಯರ ಜೊತೆ ಕಾರ್ಖಾನೆಯಲ್ಲೇ ಕೂರಬೇಕು.

ಹಿರಿಯರ ಸಂಬಳವನ್ನು ಕಂಪನಿಯ ಅತ್ಯಂತ ಹಿರಿಯ ಪ್ರೋಗ್ರಾಮರಿನ ಮಟ್ಟಕ್ಕೆ ತಂದು, ಲಾಭದಲ್ಲಿ ಸಣ್ಣ ಪಾಲು ಕೊಡಿ ಎಂದೆ. ಮೊದಲ ಬಿಲ್ಲನ್ನು 14 ದಿನದೊಳಗೆ ಮುಟ್ಟಿಸುವ ಹೊಣೆಯನ್ನು ನಿರ್ವಹಣಾ ಶುಲ್ಕದಿಂದ ಹೊರತೆಗೆದು ಬೇರೆ ಸೇವೆಯಾಗಿ ಮಾರಿ ಎಂದೆ. ಬೆಂಗಳೂರಿನ ಕಚೇರಿ ಬೇಡ ಎಂದೆ, ಏಕೆಂದರೆ ಅಲ್ಲಿ ಕಬ್ಬಿಲ್ಲ. ಈ ಅರಿವಿಗೆ ಅಲ್ಲಿ ಬೆಲೆಯೇ ಇಲ್ಲ. ನನ್ನದು ಹಳ್ಳಿಯಲ್ಲೇ ಇರಿ ಎನ್ನುವ ಸಲಹೆ ಎಂದು ಪರಿಚಿತರೊಬ್ಬರು ಹಂಗಿಸಿದರು. ಇರಲಿ. ಬೆಳೆಯಬೇಡಿ ಎಂದು ನಾನು ಹೇಳಿಲ್ಲ, ಒಂಬತ್ತನೆಯ ಕಾರ್ಖಾನೆಗೆ ಹೋಗಿ ಎಂದಿದ್ದೇನೆ.

ಪ್ರಮಾಣಪತ್ರದ ವಿಷಯದಲ್ಲಿ ಮಾತ್ರ ನಾನು ತಪ್ಪಿದೆ. ಅಪರೂಪವಲ್ಲ, ಹಾಗಾಗಿ ಬೇಡ ಎಂದುಬಿಟ್ಟೆ. ಬೆಲೆಯಿದ್ದು ಅಪರೂಪವಲ್ಲದ್ದು ಯಾರನ್ನೂ ಗೆಲ್ಲಿಸುವುದಿಲ್ಲ ನಿಜ, ಆದರೆ ಅದಿಲ್ಲದವರನ್ನು ಆಟದೊಳಗೇ ಬಿಡುವುದಿಲ್ಲ. ಪರೀಕ್ಷೆ ಹೇಳುವುದು ಸಮಬಲ ಎಂದು, ಅನಗತ್ಯ ಎಂದಲ್ಲ. ಮರುವರ್ಷ ಆ ಒಂಬತ್ತನೆಯ ಕಾರ್ಖಾನೆಯ ಟೆಂಡರಿನಲ್ಲಿ ಪ್ರಮಾಣಪತ್ರವಿಲ್ಲವೆಂದು ಇವರ ಲಕೋಟೆಯನ್ನೇ ತೆರೆಯಲಿಲ್ಲ. ಅಗತ್ಯವಿದ್ದಷ್ಟನ್ನು ಅಗ್ಗವಾಗಿ ಮಾಡಿಸಿಕೊಳ್ಳಿ ಎಂದು ನಾನು ಹೇಳಬೇಕಿತ್ತು. ಈಗ ಮಾಡಿಸಿಕೊಳ್ಳುತ್ತಿದ್ದಾರೆ, ಸಾಲವಿಲ್ಲದೆ.

ಹಳೆಯ ಎಂಟರಲ್ಲಿ ಐದು ಕಾರ್ಖಾನೆಗಳು ಮೊದಲ ಬಿಲ್ಲಿನ ಸೇವೆಗೆ ಬೇರೆ ಶುಲ್ಕ ಕೊಡಲು ಒಪ್ಪಿವೆ. ಪರೀಕ್ಷಾ ಬಿಲ್ಲುಗಳು 140 ದಾಟಿವೆ. ಬೆಲೆ ನಿಗದಿಯ ನಿಯಮ ಬದಲಾದಾಗ ಅವುಗಳಲ್ಲಿ ಕೆಲವನ್ನು ಹೊಸದಾಗಿ ಬರೆಯಬೇಕಾಗುತ್ತದೆ, ಅದನ್ನೂ ಮಾಲೀಕರಿಗೆ ಹೇಳಿದ್ದೇನೆ. ಹಿರಿಯರ ಜೊತೆ ಕೂತ ಇಬ್ಬರಲ್ಲಿ ಹುಡುಗ ಜನವರಿಯಲ್ಲೇ ಕೆಲಸ ಬಿಟ್ಟು ಪುಣೆಗೆ ಹೋದ. ಹುಡುಗಿ ಉಳಿದಿದ್ದಾಳೆ. ಕಳೆದ ವಾರ ಮಾಲೀಕರು ಫೋನು ಮಾಡಿದಾಗ, ಅವಳು ತನ್ನದೇ ಒಂದು ಉದ್ದನೆಯ ಪುಸ್ತಕ ಕೊಂಡಿದ್ದಾಳೆ ಎಂದರು.