ಅಣ್ಣ ತಿದ್ದಿದ ನಗು

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯನ್ನು ಇಲ್ಲಿ ಸಿಂಚನಾ ಅಂತ ಕರೆಯುತ್ತೇನೆ.)

ಸಿಂಚನಾಗೆ 16 ವರ್ಷ. ಹಲ್ಲಿಗೆ ಕ್ಲಿಪ್ ಹಾಕಿಸಿ ಏಳು ತಿಂಗಳಾಗಿತ್ತು. ಅಮ್ಮನ ಜೊತೆ ನನ್ನ ಹತ್ತಿರ ಸಲಹೆಗೆ ಬಂದವಳು ಅರ್ಧ ಗಂಟೆಯೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡಿದಳು.

"ಕ್ಲಿಪ್ ಹಾಕಿಸಿದಾಗಲೂ ನಗ್ತಾನೇ ಇದ್ದಳು ಮೇಡಂ. ಈಗ ಎರಡು ತಿಂಗಳಿಂದ ಹೀಗೆ" ಎಂದರು ಅಮ್ಮ.

ಎರಡು ತಿಂಗಳ ಹಿಂದೆ ಮನೆಯಲ್ಲಿ ಎಲ್ಲರೂ ಸೇರಿ ಒಂದು ಫೋಟೋ ತೆಗೆಸಿಕೊಂಡಿದ್ದರು. ಗೋಡೆಗೆ ಹಾಕೋಕೆ. ಅವಳ ಅಣ್ಣನಿಗೆ ಫೋಟೋ ತಿದ್ದುವುದು ಚೆನ್ನಾಗಿ ಬರುತ್ತದೆ. "ಕ್ಲಿಪ್ ಒಂದು ತೆಗೆದುಬಿಡಪ್ಪಾ" ಅಂತ ಅಮ್ಮ ಹೇಳಿದ್ದರು. ಅವನು ಕ್ಲಿಪ್ ತೆಗೆದ. ಮುಂದಿನ ಎರಡು ಹಲ್ಲುಗಳ ನಡುವಿನ ಸಂದನ್ನೂ ಮುಚ್ಚಿದ. ಫೋಟೋಗೆ ವಾರದ ಮುಂಚೆ ಬಿದ್ದು ಒಂದು ಹಲ್ಲಿನ ತುದಿ ಮುರಿದಿತ್ತು, ಅದನ್ನೂ ಸರಿ ಮಾಡಿದ. ತಂಗಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ನಾಚಿಕೆಯೇ ಕಾರಣ ಅಂದುಕೊಂಡಿದ್ದೆ. ಆದರೆ ಅವಳು ಹೇಳಿದ್ದು ಬೇರೆ. "ಸಂದು ಚೆನ್ನಾಗಿ ಕೂಡಿಕೊಳ್ತಾ ಇದೆ ಅಂತ ಡಾಕ್ಟರ್ ಹೇಳ್ತಾರೆ. ಆದ್ರೆ ನನ್ನ ಹಲ್ಲು ಆ ಫೋಟೋದ ಥರ ಆಗ್ತಾನೇ ಇಲ್ಲ." ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಹೋಲಿಸಿ ನೋಡುತ್ತಿದ್ದಳು.

ಮುಂದಿನ ಸಲ ಎರಡೂ ಫೋಟೋ ತರಿಸಿ, ಅಣ್ಣನನ್ನೂ ಕೂರಿಸಿಕೊಂಡೆ. ಬಾಯಿಯ ಭಾಗವನ್ನು ಪರದೆ ತುಂಬ ದೊಡ್ಡದು ಮಾಡಿ ಪಕ್ಕಪಕ್ಕ ಇಟ್ಟೆವು. ವಿಷಯ ಅಲ್ಲೇ ಇತ್ತು. ಮೇಲಿನ ಮುಂಭಾಗದ ಹಲ್ಲು ಸಾಮಾನ್ಯವಾಗಿ ಎಂಟೂವರೆ ಮಿಲಿಮೀಟರ್ ಅಗಲ, ಉದ್ದ ಅದಕ್ಕಿಂತ ಜಾಸ್ತಿ. ಅವಳ ಸಂದು ಸುಮಾರು 2 ಮಿಲಿಮೀಟರ್. ಅದನ್ನು ಮುಚ್ಚಲು ಅಣ್ಣ ಎರಡೂ ಹಲ್ಲನ್ನು ಸಂದಿನ ಕಡೆಗೆ ಹಿಗ್ಗಿಸಿದ್ದ. ಅಂದರೆ ಒಂದೊಂದು ಹಲ್ಲೂ ಮೊದಲಿಗಿಂತ 1 ಮಿಲಿಮೀಟರ್ ಹೆಚ್ಚು ಅಗಲವಾಗಿತ್ತು. ಕೇಳೋಕೆ ಸಣ್ಣದು, ನೋಡೋಕೆ ಉದ್ದನೆಯ ಹಲ್ಲು ಹೆಚ್ಚುಕಮ್ಮಿ ಚೌಕವಾಗಿಬಿಟ್ಟಿತ್ತು.

ಕ್ಲಿಪ್ ಮಾಡುವ ಕೆಲಸ ಇದಲ್ಲ. ತಂತಿ ಹಲ್ಲನ್ನು ಸರಿಸುತ್ತದೆ, ಅಗಲ ಮಾಡುವುದಿಲ್ಲ. ಚಿಕಿತ್ಸೆ ಎಷ್ಟೇ ಚೆನ್ನಾಗಿ ಮುಗಿದರೂ ಅವಳ ಹಲ್ಲು ಆ ಫೋಟೋದ ಹಾಗೆ ಆಗುವುದೇ ಇಲ್ಲ. ಪಾಪ, ಆಗದೇ ಇರೋದಕ್ಕೆ ಹುಡುಗಿ ಎರಡು ತಿಂಗಳಿಂದ ಕಾದಿದ್ದಳು. ಇದನ್ನು ಹೇಳಿದಾಗ ಅವಳು ಮೊದಲ ಸಲ ಕೈ ಕೆಳಗಿಳಿಸಿ ಪರದೆ ಹತ್ತಿರ ಬಗ್ಗಿದಳು.

ಮುರಿದ ಹಲ್ಲಿಗೆ ಅಣ್ಣ ಪಕ್ಕದ ಹಲ್ಲನ್ನೇ ತಿರುಗಿಸಿ ಅಂಟಿಸಿದ್ದ. ಬೆಳಕು ಎಡಗಡೆಯಿಂದ ಬರುತ್ತಿದ್ದರೂ ಆ ಒಂದು ಹಲ್ಲು ಬಲಕ್ಕೆ ಹೊಳೆಯುತ್ತಿತ್ತು. ಕ್ಲಿಪ್ ಅಳಿಸಿದ ಕಡೆ ಹಲ್ಲು ಹಲ್ಲಿನ ನಡುವಿನ ಗೆರೆಯೂ ಮಾಯವಾಗಿ ಒಂದು ಬಿಳಿ ಪಟ್ಟಿ ಉಳಿದಿತ್ತು. "ಇದು ನಾನು ಅಲ್ಲ ಅನ್ಸೋದು ಅದಕ್ಕೇನಾ?" ಎಂದಳು. ಹೌದು, ಬಹುಮಟ್ಟಿಗೆ ಅದಕ್ಕೇ.

ನಾನು ಕೊಟ್ಟ ಸಲಹೆ ಇಷ್ಟು. ಮೂರನ್ನೂ ಒಂದೇ ಗಂಟು ಮಾಡಬೇಡಿ, ಒಂದೊಂದನ್ನೂ ಬೇರೆ ಬೇರೆ ಕೇಳಿ. ಮುರಿದ ತುದಿಯನ್ನು ಡಾಕ್ಟರ್ ಆಗಲೇ ತುಂಬಿಸಿದ್ದರು. ಫೋಟೋದಲ್ಲಿ ಅದು ಸರಿಯಾದರೆ ಈಗಿನ ಅವಳ ಬಾಯಿಗೇ ಹೊಂದುತ್ತದೆ, ಆ ಬದಲಾವಣೆಯಲ್ಲಿ ತಪ್ಪಿಲ್ಲ. ಕ್ಲಿಪ್ ಕೆಲಕಾಲದ್ದು. ತೆಗೆಯಬಹುದು, ಆದರೆ ಅವಳು ಬೇಕು ಅಂದರೆ ಮಾತ್ರ. ಸಂದನ್ನು ಮಾತ್ರ ಮುಟ್ಟಬಾರದು ಅಂತ ಖಡಾಖಂಡಿತವಾಗಿ ಹೇಳಿದೆ. ಚಿಕಿತ್ಸೆ ನಡೆಯುತ್ತಿರುವಾಗ ಸಂದು ಮುಚ್ಚಿದ ಫೋಟೋ ಅಂದರೆ ಬರೀ ಊಹೆ, ಹುಡುಗಿ ಅದನ್ನೇ ಮಾತು ಕೊಟ್ಟ ಹಾಗೆ ತಗೊಳ್ತಾಳೆ. ಗುರುತಿನ ಚೀಟಿಯ ಫೋಟೋ ಮತ್ತು ಡಾಕ್ಟರ್ ತೆಗೆಯುವ ಫೋಟೋಗಳಲ್ಲಿ ಏನನ್ನೂ ಬದಲಿಸಬಾರದು. ಗುರುತು ಹಿಡಿಯೋಕೆ, ಹಲ್ಲು ಎಷ್ಟು ಸರಿದಿದೆ ಅಂತ ನೋಡೋಕೆ ಅವೇ ಆಧಾರ. ಮೂಲ ಫೋಟೋವನ್ನು ಅಳಿಸದೆ ಇಟ್ಟುಕೊಳ್ಳಿ ಎಂದೂ ಹೇಳಿದೆ.

ಅಣ್ಣ ಮುಖ ಸಣ್ಣದು ಮಾಡಿಕೊಂಡಿದ್ದ. "ನಿನಗೆ ಖುಷಿಯಾಗ್ಲಿ ಅಂತ ಮಾಡಿದ್ದು ಕಣೇ" ಎಂದ. ಅವನ ಪ್ರೀತಿಯಲ್ಲಿ ನನಗೆ ಅನುಮಾನವೇ ಇರಲಿಲ್ಲ, ಅದನ್ನು ಅವಳೆದುರೇ ಹೇಳಿದೆ. ಆಮೇಲೆ ಮೂಲ ಫೋಟೋ ತೆರೆದು, ಮೌಸ್ ಅವನ ಕೈಗೆ ಕೊಟ್ಟು, ಏನು ಮಾಡಬೇಕು ಅಂತ ಸಿಂಚನಾ ಹೇಳಲಿ ಎಂದೆ.

ತುದಿ ಸರಿ ಮಾಡು ಎಂದಳು. ಈ ಸಲ ಅವನು ಪಕ್ಕದ ಹಲ್ಲನ್ನು ತರಲಿಲ್ಲ, ಅದೇ ಹಲ್ಲಿನ ಬಣ್ಣ ತೆಗೆದುಕೊಂಡು ಅಂಚು ತುಂಬಿದ. ಕ್ಲಿಪ್ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಿದಳು. ಕಣ್ಣಿಗೆ ಚುಚ್ಚುತ್ತಿದ್ದದ್ದು ಕ್ಲಿಪ್ ಅಲ್ಲ, ಫ್ಲಾಶ್ ಬೆಳಕು ಲೋಹಕ್ಕೆ ಬಡಿದು ಎದ್ದ ನಾಲ್ಕು ಬಿಳಿ ಚುಕ್ಕೆಗಳು ಅಂತ ಅವಳೇ ಕಂಡುಹಿಡಿದಳು. ಅವನು ಆ ಚುಕ್ಕೆಗಳ ಹೊಳಪನ್ನು ಅರ್ಧಕ್ಕೆ ಇಳಿಸಿದ.

"ಸಾಕು, ಕ್ಲಿಪ್ ಇರ್ಲಿ ಅಣ್ಣಾ" ಎಂದಳು. ಗೋಡೆಯ ಮೇಲೆ ಈಗ ಇರುವುದು ಆ ಫೋಟೋ.