ನಾರನ್ನೆಲ್ಲ ಬ್ಯಾಕ್ಟೀರಿಯಾ ತಿಂದರೆ ಮಲಕ್ಕೆ ಉಳಿಯುವುದೇನು?

ಪ್ರಶ್ನೆ: ಡಾಕ್ಟ್ರೇ, ನನಗೆ 44 ವರ್ಷ. ಬಹಳ ವರ್ಷದಿಂದ ಮಲಬದ್ಧತೆ ಇದೆ. ಎರಡು-ಮೂರು ದಿನಕ್ಕೊಮ್ಮೆ ಹೋಗ್ತೀನಿ, ಅದೂ ಗಟ್ಟಿ ಗಟ್ಟಿ. ಮಗಳು ಇನ್ಯುಲಿನ್ ಅನ್ನೋ ಪ್ರಿಬಯಾಟಿಕ್ ಪುಡಿ ತರಿಸಿಕೊಟ್ಟಳು. ದಿನಾ ಎರಡು ಚಮಚ, ಸುಮಾರು 10 ಗ್ರಾಂ, ನೀರಿಗೆ ಹಾಕಿ ಕುಡೀತಿದ್ದೀನಿ. ಮೂರು ವಾರ ಆಯ್ತು. ಹೊಟ್ಟೆ ಉಬ್ಬರ, ಗ್ಯಾಸ್ ಜಾಸ್ತಿ ಆಗಿದೆ, ಮಲ ಮಾತ್ರ ಹಾಗೇ ಇದೆ. ಕರುಳಿನ ಬ್ಯಾಕ್ಟೀರಿಯಾ ನಾರನ್ನು ತಿಂದು ಒಳ್ಳೆಯ ಆಮ್ಲ ಮಾಡುತ್ತೆ ಅಂತ ಓದಿದೆ. ನಾರನ್ನು ಅವೇ ತಿಂದುಬಿಟ್ಟರೆ ಮಲಕ್ಕೆ ಏನು ಉಳಿಯುತ್ತೆ?
— ಓದುಗರು, ಹಾವೇರಿ

ಉತ್ತರ: ನೀವು ಕುಡಿಯುತ್ತಿರುವ ಪುಡಿಯ ಮಟ್ಟಿಗೆ ಹೇಳುವುದಾದರೆ, ಹೆಚ್ಚೇನೂ ಉಳಿಯುವುದಿಲ್ಲ. ಇನ್ಯುಲಿನ್ ಚಿಕರಿ ಬೇರಿನಿಂದ ತೆಗೆಯುವ ನಾರು. ನೀರಿನಲ್ಲಿ ಪೂರ್ತಿ ಕರಗುತ್ತದೆ. ದೊಡ್ಡ ಕರುಳಿಗೆ ಬಂದ ಮೇಲೆ ಅದರ ಮೊದಲ ಭಾಗದಲ್ಲೇ ಹೆಚ್ಚುಕಡಿಮೆ ಎಲ್ಲವೂ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ಎಲ್ಲ ನಾರೂ ಹೀಗಲ್ಲ. ನಿಮ್ಮ ತೊಂದರೆಗೆ ಉತ್ತರ ಇರುವುದು ಈ ವ್ಯತ್ಯಾಸದಲ್ಲೇ.

ಮೊದಲು ಒಳಗೆ ಏನು ನಡೆಯುತ್ತದೆ ನೋಡೋಣ. ನಾರನ್ನು ಕತ್ತರಿಸುವ ಕಿಣ್ವ ನಮ್ಮ ದೇಹದಲ್ಲಿ ಇಲ್ಲ. ಹಾಗಾಗಿ ಅದು ಸಣ್ಣ ಕರುಳನ್ನು ದಾಟಿ ಹಾಗೇ ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳ ಹತ್ತಿರ ಆ ಕಿಣ್ವಗಳಿವೆ. ಆದರೆ ಅಲ್ಲಿ ಆಮ್ಲಜನಕ ಇಲ್ಲ ಅನ್ನುವಷ್ಟು ಕಡಿಮೆ. ಆದ್ದರಿಂದ ಸಕ್ಕರೆಯಲ್ಲಿರುವ ಶಕ್ತಿಯನ್ನು ಪೂರ್ತಿ ಹೊರತೆಗೆಯಲು ಅವಕ್ಕೆ ಆಗುವುದಿಲ್ಲ. ಸ್ವಲ್ಪ ಬಳಸಿ, ಉಳಿದದ್ದನ್ನು ಸಣ್ಣ ಸಣ್ಣ ಆಮ್ಲಗಳಾಗಿ ಹೊರಗೆ ಬಿಡುತ್ತವೆ. ಇದೇ ಹುದುಗುವಿಕೆ. ಆ ಆಮ್ಲಗಳು ಮುಖ್ಯವಾಗಿ ಮೂರು: ಅಸಿಟೇಟ್, ಪ್ರೊಪಿಯೊನೇಟ್ ಮತ್ತು ಬ್ಯುಟಿರೇಟ್. ಇವಕ್ಕೆ ಕಿರು ಸರಪಳಿ ಕೊಬ್ಬಿನಾಮ್ಲಗಳು ಎಂದು ಹೆಸರು. ಜೊತೆಗೆ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಬರುತ್ತವೆ, ಕೆಲವರಲ್ಲಿ ಮೀಥೇನ್ ಕೂಡ. ನಿಮ್ಮ ಹೊಟ್ಟೆ ಉಬ್ಬರಕ್ಕೆ ಕಾರಣ ಈ ಅನಿಲಗಳು.

ಇದು ಒಂದೇ ಬ್ಯಾಕ್ಟೀರಿಯಾದ ಕೆಲಸವೂ ಅಲ್ಲ. ಇನ್ಯುಲಿನ್ ಬಂದಾಗ ಬೈಫಿಡೊಬ್ಯಾಕ್ಟೀರಿಯಾಗಳು ಅದನ್ನು ಕತ್ತರಿಸಿ ಅಸಿಟೇಟ್ ಮತ್ತು ಲ್ಯಾಕ್ಟೇಟ್ ಮಾಡುತ್ತವೆ. ಅವನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಬಳಸಿಕೊಂಡು ಬ್ಯುಟಿರೇಟ್ ಮಾಡುತ್ತವೆ. ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಜೀವಕೋಶಗಳ ಮುಖ್ಯ ಆಹಾರ. ಅವುಗಳಿಗೆ ಬೇಕಾದ ಶಕ್ತಿಯ ಸುಮಾರು 70% ಅದರಿಂದಲೇ ಬರುತ್ತದೆ. ಹಾಗಾಗಿ ಆಮ್ಲ ಒಳ್ಳೆಯದು ಅಂತ ನೀವು ಓದಿದ್ದು ಸುಳ್ಳಲ್ಲ.

ಆದರೆ ಕರುಳಿಗೆ ಒಳ್ಳೆಯದಾದದ್ದೆಲ್ಲ ಮಲವನ್ನು ಮೆತ್ತಗೆ ಮಾಡಬೇಕು ಅಂತೇನಿಲ್ಲ ಅಲ್ವಾ? ಈ ಆಮ್ಲಗಳಲ್ಲಿ ಸುಮಾರು 95% ಕರುಳಿನ ಗೋಡೆಯೊಳಗೆ ಹೀರಿಹೋಗುತ್ತದೆ. ಮಲದ ಜೊತೆ ಹೊರಗೆ ಬರುವುದು ಬಹಳ ಕಡಿಮೆ. ಆಮ್ಲ ಒಳಗೆ ಹೋಗುವಾಗ ಸೋಡಿಯಂ ಕೂಡ ಒಳಗೆ ಹೋಗುತ್ತದೆ. ಸೋಡಿಯಂ ಹೋದ ಕಡೆ ನೀರು ಹೋಗುತ್ತದೆ. ಅಂದರೆ ಈ ಆಮ್ಲಗಳು ಮಲಕ್ಕೆ ನೀರು ಸೇರಿಸುವುದಿಲ್ಲ, ಮಲದಿಂದ ನೀರನ್ನು ದೇಹಕ್ಕೆ ವಾಪಸ್ ತರುತ್ತವೆ.

ಇದು ಎಷ್ಟು ಬಲವಾದ ಕೆಲಸ ಅನ್ನುವುದಕ್ಕೆ ನಮ್ಮ ಪಕ್ಕದ ವೆಲ್ಲೂರಿನ ಒಂದು ಪ್ರಯೋಗ ಸಾಕ್ಷಿ. ಕಾಲರಾದಲ್ಲಿ ವಿಷ ಕೆಲಸ ಮಾಡುವುದು ಮುಖ್ಯವಾಗಿ ಸಣ್ಣ ಕರುಳಿನಲ್ಲಿ. ಅಲ್ಲಿಂದ ನೀರು ಸುರಿಯುತ್ತದೆ. ದೊಡ್ಡ ಕರುಳಿಗೆ ಮಾತ್ರ ಆ ಆಮ್ಲಗಳ ಜೊತೆ ನೀರು ಹೀರುವ ಶಕ್ತಿ ಆಗಲೂ ಉಳಿದಿರುತ್ತದೆ. ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬಿ. ಎಸ್. ರಾಮಕೃಷ್ಣ ಮತ್ತು ಅವರ ತಂಡ ಈ ಶಕ್ತಿಯನ್ನು ಬಳಸಿಕೊಳ್ಳಲು ಯೋಚಿಸಿತು. ಒಆರ್‌ಎಸ್ ದ್ರಾವಣಕ್ಕೆ ಸಣ್ಣ ಕರುಳಿನಲ್ಲಿ ಜೀರ್ಣವಾಗದ ಮೆಕ್ಕೆಜೋಳದ ಪಿಷ್ಟವನ್ನು ಸೇರಿಸಿ ಕಾಲರಾ ರೋಗಿಗಳಿಗೆ ಕೊಟ್ಟಿತು. ಪಿಷ್ಟ ದೊಡ್ಡ ಕರುಳು ತಲುಪಿತು, ಬ್ಯಾಕ್ಟೀರಿಯಾಗಳು ಅದರಿಂದ ಆಮ್ಲ ಮಾಡಿದವು, ಆಮ್ಲದ ಜೊತೆ ಸೋಡಿಯಂ, ನೀರು ಒಳಗೆ ಹೋದವು. ಈ ರೋಗಿಗಳಿಗೆ ಭೇದಿಯಲ್ಲಿ ಹೋಗುವ ನೀರು ಕಡಿಮೆಯಾಯಿತು, ಭೇದಿ ಬೇಗ ನಿಂತಿತು. ಇದು ಪ್ರಕಟವಾದದ್ದು 2000ದಲ್ಲಿ. (ಮನೆಯಲ್ಲಿ ಒಆರ್‌ಎಸ್‌ಗೆ ಹಿಟ್ಟು ಬೆರೆಸಲು ಹೋಗಬೇಡಿ. ಪ್ಯಾಕೆಟ್ ಮೇಲೆ ಬರೆದಿರುವಂತೆಯೇ ಕಲಸಿ.)

ಭೇದಿಯನ್ನು ನಿಲ್ಲಿಸುವ ಈ ಆಮ್ಲವನ್ನೇ ಹೆಚ್ಚು ಮಾಡಿಕೊಂಡು ಮಲಬದ್ಧತೆ ಹೋಗಲಿ ಅಂದರೆ ಹೇಗೆ ಹೋದೀತು?

ಹಾಗಾದರೆ ಮಲವನ್ನು ದೊಡ್ಡದು, ಮೆತ್ತಗೆ ಮಾಡುವುದು ಯಾವುದು? ಎರಡು ದಾರಿಗಳಿವೆ. 1980ರಲ್ಲಿ ಕೇಂಬ್ರಿಡ್ಜ್‌ನ ಅಲಿಸನ್ ಸ್ಟೀಫನ್ ಮತ್ತು ಜಾನ್ ಕಮಿಂಗ್ಸ್ ಇವೆರಡನ್ನೂ ಬಿಡಿಸಿ ತೋರಿಸಿದರು. ಕೆಲವರಿಗೆ ಗೋಧಿ ಹೊಟ್ಟಿನ ನಾರನ್ನೂ ಎಲೆಕೋಸಿನ ನಾರನ್ನೂ ಬೇರೆ ಬೇರೆ ಸಮಯದಲ್ಲಿ ತಿನ್ನಿಸಿ, ಮಲವನ್ನು ತೂಗಿ, ಒಳಗೆ ಏನೇನಿದೆ ಎಂದು ಬೇರ್ಪಡಿಸಿದರು. ಎಲೆಕೋಸಿನ ನಾರಿನಲ್ಲಿ 90% ದಾಟಿ ಒಳಗೇ ಕರಗಿಹೋಗಿತ್ತು. ಆದರೂ ಮಲದ ತೂಕ ಹೆಚ್ಚಿತ್ತು, ಯಾಕೆಂದರೆ ಅದನ್ನು ತಿಂದ ಬ್ಯಾಕ್ಟೀರಿಯಾಗಳೇ ಸಂಖ್ಯೆಯಲ್ಲಿ ಬೆಳೆದು ಮಲದ ಭಾಗವಾಗಿದ್ದವು. ಗೋಧಿ ಹೊಟ್ಟಿನ ನಾರಿನಲ್ಲಿ ಕರಗಿದ್ದು ಮೂರನೇ ಒಂದು ಭಾಗದಷ್ಟು ಮಾತ್ರ. ಉಳಿದದ್ದು ನೀರನ್ನು ಹಿಡಿದುಕೊಂಡು ಕೊನೆವರೆಗೂ ಬಂದಿತ್ತು. ತೂಕ ಹೆಚ್ಚಿಸುವುದರಲ್ಲಿ ಎಲೆಕೋಸಿಗಿಂತ ಹೊಟ್ಟೇ ಮುಂದೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ಇನ್ನೊಂದು ಅರ್ಧ ಉತ್ತರ ಇದು: ನಾರು ಹೋದರೂ ಅದನ್ನು ತಿಂದವರು ಉಳಿಯುತ್ತಾರೆ. ಮಲದ ಮುಕ್ಕಾಲು ಭಾಗ ನೀರು. ನೀರು ತೆಗೆದು ಒಣಗಿಸಿದರೆ ಉಳಿಯುವುದರಲ್ಲಿ ಸರಿಸುಮಾರು ಅರ್ಧ ಬ್ಯಾಕ್ಟೀರಿಯಾಗಳೇ. ಅವುಗಳ ಮೈಯಲ್ಲೂ ನೀರಿರುತ್ತದೆ. ಆದರೆ ಈ ದಾರಿಯಲ್ಲಿ ಸಿಗುವ ಲಾಭ ಸಣ್ಣದು. ಇನ್ಯುಲಿನ್‌ನಂತೆ ಪೂರ್ತಿ ಹುದುಗುವ ನಾರು ಒಂದು ಗ್ರಾಂ ತಿಂದರೆ ಮಲದ ತೂಕ ಒಂದು-ಒಂದೂವರೆ ಗ್ರಾಂ ಹೆಚ್ಚಬಹುದು. ಇಸಬ್ಗೋಲ್ ಒಂದು ಗ್ರಾಂಗೆ ಸುಮಾರು ನಾಲ್ಕು. ಗೋಧಿ ಹೊಟ್ಟಿನ ನಾರು ಸುಮಾರು ಐದು. ನಿಮ್ಮ 10 ಗ್ರಾಂ ಪುಡಿಗೆ ಈ ಲೆಕ್ಕ ಹಾಕಿ. ದಿನಕ್ಕೆ 10–15 ಗ್ರಾಂ ಸಿಗುತ್ತದೆ, ಅದು ನಿಮ್ಮ ಗಮನಕ್ಕೂ ಬರುವುದಿಲ್ಲ. ಅಷ್ಟೇ ಇಸಬ್ಗೋಲ್ ಆಗಿದ್ದರೆ 40 ಗ್ರಾಂ ಆಗುತ್ತಿತ್ತು.

ಇನ್ಯುಲಿನ್‌ಗೆ ಅನ್ಯಾಯ ಆಗಬಾರದು. ದಿನಕ್ಕೆ 12 ಗ್ರಾಂ ಚಿಕರಿ ಇನ್ಯುಲಿನ್ ತೆಗೆದುಕೊಂಡರೆ ಹೋಗುವ ಸಲ ಸ್ವಲ್ಪ ಹೆಚ್ಚುತ್ತದೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಒಪ್ಪಿದೆ. ಕೆಲವರಿಗೆ ಆಗುತ್ತದೆ. ನಿಮಗೆ ಆಗಿಲ್ಲ, ಗ್ಯಾಸ್ ಮಾತ್ರ ಬಂದಿದೆ. ಮೂರು ವಾರ ನೋಡಿದ್ದೀರಿ, ಸಾಕು. ನಿಲ್ಲಿಸಿಬಿಡಿ.

ಅದರ ಬದಲು ಇಸಬ್ಗೋಲ್ ಹಿಡಿಯಿರಿ. ಅದರ ಸಿಪ್ಪೆಯಲ್ಲಿರುವ ನಾರು ನೀರು ಕುಡಿದು ಲೋಳೆಯಾಗುತ್ತದೆ. ಅದರ ರಚನೆ ಕವಲು ಕವಲಾಗಿರುವುದರಿಂದ ಬ್ಯಾಕ್ಟೀರಿಯಾಗಳಿಗೆ ಸುಲಭಕ್ಕೆ ಕತ್ತರಿಸಲು ಬರುವುದಿಲ್ಲ. ಲೋಳೆಯ ಬಹುಭಾಗ ನೀರಿನ ಸಮೇತ ಮಲದ್ವಾರದವರೆಗೂ ಬರುತ್ತದೆ. ಗ್ಯಾಸ್ ಕೂಡ ಕಡಿಮೆ. ಮೊದಲ ವಾರ ರಾತ್ರಿ ಒಂದು ಟೀ ಚಮಚ ಸಾಕು, ದೊಡ್ಡ ಲೋಟ ತುಂಬ ನೀರಿನಲ್ಲಿ ಕಲಸಿ ಗಟ್ಟಿಯಾಗುವ ಮೊದಲೇ ಕುಡಿಯಿರಿ. ಮೇಲೆ ಇನ್ನೊಂದು ಲೋಟ ನೀರು. ಆಮೇಲೆ ವಾರಕ್ಕೊಂದು ಚಮಚದಂತೆ ಏರಿಸಿ ದಿನಕ್ಕೆ ಮೂರು ಚಮಚದವರೆಗೆ ಹೋಗಬಹುದು. ಒಣ ಪುಡಿಯನ್ನು ಬಾಯಿಗೆ ಹಾಕಿಕೊಳ್ಳಲೇಬೇಡಿ, ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ. ನುಂಗಲು ಕಷ್ಟ ಇರುವವರಿಗೆ ಇದು ಬೇಡ. ಬೇರೆ ಮಾತ್ರೆಗಳಿದ್ದರೆ ನಡುವೆ ಎರಡು ಗಂಟೆ ಬಿಡಿ.

ಗೋಧಿ ಹೊಟ್ಟು ಅಗ್ಗ, ಕೆಲಸಕ್ಕೂ ಬರುತ್ತದೆ. ಆದರೆ ಒಂದು ವಿಷಯ ಗಮನಿಸಿ. ದಪ್ಪ ಹೊಟ್ಟು ಕರುಳಿನ ಗೋಡೆಗೆ ತಾಗಿದಾಗ ನೀರು, ಲೋಳೆ ಒಸರುತ್ತದೆ, ಮಲ ಮೆತ್ತಗಾಗುವುದಕ್ಕೆ ಅದೂ ಒಂದು ಕಾರಣ. ಅದನ್ನೇ ನುಣ್ಣಗೆ ಬೀಸಿದರೆ ಈ ಗುಣ ಹೋಗುತ್ತದೆ. ಒಣ ಅಂಶ ಸೇರಿ ಮಲ ಇನ್ನೂ ಗಟ್ಟಿಯಾಗುವುದೂ ಉಂಟು. ಹಿಟ್ಟನ್ನು ಜರಡಿ ಹಿಡಿದು ಹೊಟ್ಟು ತೆಗೆದು, ಆಮೇಲೆ ಅದನ್ನೇ ಮಿಕ್ಸಿಗೆ ಹಾಕಿ ಪುಡಿ ಮಾಡುವುದಕ್ಕಿಂತ, ಜರಡಿ ಹಿಡಿಯದೆ ಚಪಾತಿ ಮಾಡುವುದು ಒಳ್ಳೆಯದು.

ಊಟದಲ್ಲಿ ಹುದುಗುವ ನಾರನ್ನು ಬಿಡಬೇಡಿ. ಹೆಸರುಕಾಳು, ಅಲಸಂದೆ, ಸೊಪ್ಪು, ಬಾಳೆಕಾಯಿ ಪಲ್ಯ ಇವೆಲ್ಲ ಆ ಬ್ಯುಟಿರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಬೇಕು. ನಾರು ಸಿಗದೆ ಹೋದರೆ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಬ್ಯಾಕ್ಟೀರಿಯಾಗಳು ಪ್ರೊಟೀನನ್ನು ಹೆಚ್ಚು ಹುದುಗಿಸಲು ಶುರು ಮಾಡುತ್ತವೆ. ಆಗ ಅಮೋನಿಯಾ, ಹೈಡ್ರೋಜನ್ ಸಲ್ಫೈಡ್‌ನಂಥವು ಬಂದು ಮಲದ ವಾಸನೆ ಕೆಡುತ್ತದೆ. ಇಸಬ್ಗೋಲ್ ಅಥವಾ ಹೊಟ್ಟನ್ನು ಊಟದ ನಾರಿನ ಜೊತೆಗೆ ತೆಗೆದುಕೊಳ್ಳಿ, ಅದರ ಬದಲಿಗಲ್ಲ. ಮಲ ಕರುಳಿನಲ್ಲಿ ನಿಲ್ಲದೆ ಮುಂದೆ ಸಾಗಿದರೆ ನೀರು ಹೀರಿಹೋಗುವುದಕ್ಕೂ ಸಮಯ ಕಡಿಮೆ ಸಿಗುತ್ತದೆ.

ಫಲ ಗೊತ್ತಾಗುವುದು ಎಷ್ಟು ಸಲ ಹೋದಿರಿ ಅನ್ನುವುದಕ್ಕಿಂತ ಮಲದ ರೂಪದಲ್ಲಿ. ಈಗ ನಿಮ್ಮದು ಬಿಡಿ ಬಿಡಿ ಉಂಡೆ ಅಥವಾ ಉಂಡೆಗಳು ಅಂಟಿಕೊಂಡ ತುಂಡು ಆಗಿರಬೇಕು. ಅದು ನುಣುಪಾದ, ಮೆತ್ತಗಿನ, ಉದ್ದನೆಯ ತುಂಡಾದರೆ ದಾರಿ ಸರಿಯಿದೆ. ನಾಲ್ಕು ವಾರ ಸಮಯ ಕೊಡಿ.

ಮಲ ಮೆತ್ತಗಾದರೂ ತುಂಬ ಹೊತ್ತು ತಿಣುಕಬೇಕಾದರೆ, ಕೈಬೆರಳು ಬಳಸಬೇಕಾಗಿ ಬಂದರೆ, ಪೂರ್ತಿ ಹೋಗಿಲ್ಲ ಅನ್ನಿಸುತ್ತಲೇ ಇದ್ದರೆ ತೊಂದರೆ ನಾರಿನದಲ್ಲ. ತಿಣುಕುವಾಗ ಸಡಿಲವಾಗಬೇಕಾದ ಗುದದ ಸ್ನಾಯುಗಳು ಬಿಗಿಯುತ್ತಿರಬಹುದು. ಅಂಥವರಿಗೆ ಇನ್ನಷ್ಟು ನಾರು ಕೊಟ್ಟರೆ ಉಬ್ಬರವೇ ಹೆಚ್ಚುತ್ತದೆ. ಅದಕ್ಕೆ ಬೇರೆ ಪರೀಕ್ಷೆ ಇದೆ, ಸ್ನಾಯುಗಳಿಗೆ ತರಬೇತಿ ಕೊಡುವ ಚಿಕಿತ್ಸೆಯೂ ಇದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಅಥವಾ ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ನಿಮ್ಮ ಡಾಕ್ಟರಿಗೆ ಹೇಳಿ, ಥೈರಾಯ್ಡ್ ಒಮ್ಮೆ ನೋಡಿಸಿ. ಮಲದಲ್ಲಿ ರಕ್ತ ಕಂಡರೆ, ತೂಕ ತಾನಾಗಿ ಇಳಿಯುತ್ತಿದ್ದರೆ, ರಕ್ತಹೀನತೆ ಇದ್ದರೆ ಅಥವಾ ಇತ್ತೀಚೆಗಷ್ಟೇ ಮಲದ ರೀತಿ ಬದಲಾಗಿದ್ದರೆ ನಾಲ್ಕು ವಾರ ಕಾಯಬೇಡಿ, ಕೂಡಲೇ ಹೋಗಿ ತೋರಿಸಿ.